ಅಟ್ಟ ಹತ್ತಿಸಿದ ಸ್ವಾಗತ

ಡಯಾಲಿಸಿಸ್ ವಿಭಾಗಕ್ಕೆ ಹೊಸ ಟೆಕ್ನಿಷಿಯನ್ ಬರುತ್ತಾಳೆಂಬ ಸುದ್ದಿ ಕೇಳಿ ಎಲ್ಲರಿಗಿಂತ ಮೊದಲು ಸಂತೋಷಪಡಬೇಕಾದವಳು ಅಲ್ಲಿ ವರ್ಷಗಳಿಂದ ಟೆಕ್ನಿಷಿಯನ್ ಆಗಿದ್ದ ಹಿರಿಸೊಸೆ. ಬರುವವಳು ಬೇರೆ ಯಾರೂ ಅಲ್ಲ, ಅವಳ ಓರಗಿತ್ತಿ. ಮೈದುನನ ಕೈಹಿಡಿದು ಬಂದು ಇನ್ನೂ ವರ್ಷ ತುಂಬಿರದ ಕಿರಿಸೊಸೆ. ಆಸ್ಪತ್ರೆಯವರು ಜಾಗ ಖಾಲಿಯಿದೆ ಎಂದಿದ್ದೇ ತಡ, ಅತ್ತೆ ಅವಳಿಂದ ಅರ್ಜಿ ಹಾಕಿಸಿದ್ದರು.

"ಇಬ್ಬರೂ ಒಂದೇ ಬಸ್ಸಲ್ಲಿ ಹೋಗಿ, ಒಂದೇ ಬಸ್ಸಲ್ಲಿ ಬನ್ನಿ. ನೋಡೋಕೂ ಚೆಂದ," ಎಂದರು ಅತ್ತೆ.

ನೋಡುವವರಿಗೆ ಚೆಂದ, ಸರಿ. ಹಿರಿಸೊಸೆಗೆ ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತ್ತು. ಈ ಒಂದು ವರ್ಷದಲ್ಲಿ ಮನೆಯೊಳಗೆ ಅವಳ ಕೈಯಿಂದ ಒಂದೊಂದೇ ಜಾರಿಹೋಗಿತ್ತು. ಅಡುಗೆಮನೆಯ ಡಬ್ಬಿಗಳು ಹೊಸ ಸಾಲಿಗೆ ಬಂದವು; ಅತ್ತೆ "ಈಗ ಕೈಗೆ ಸಿಗುತ್ತೆ ನೋಡು" ಎಂದರು. ಅವಳ ಸ್ವಂತ ಮಗಳೇ ಜಡೆ ಹಾಕಿಸಿಕೊಳ್ಳಲು ಚಿಕ್ಕಮ್ಮನ ಕೋಣೆಗೆ ಓಡತೊಡಗಿದಳು. ಅತ್ತೆಯ ಪಾಲಿಗೆ ಕಿರಿಯವಳು ನಕ್ಕರೆ ಮುತ್ತು, ಕೆಮ್ಮಿದರೂ ಸಂಗೀತ. ಹಿರಿಯವಳು ಇಷ್ಟು ವರ್ಷ ಆ ಮನೆಗೆ ದುಡಿದದ್ದು ಹಿತ್ತಲ ಗಿಡದಂತೆ ಯಾರಿಗೂ ಮದ್ದಾಗಿ ಕಂಡಿರಲಿಲ್ಲ.

ಪಾಲಾಗದೆ ಉಳಿದಿದ್ದದ್ದು ಆ ಡಯಾಲಿಸಿಸ್ ಹಾಲ್ ಒಂದೇ. ಅಲ್ಲಿ ಅವಳು ಎಲ್ಲರಿಗೂ 'ಅಕ್ಕ'. ಯಾವ ಮೆಷಿನ್ ಸುಮ್ಮಸುಮ್ಮನೆ ಅಲಾರಂ ಹೊಡೆಯುತ್ತದೆ, ಯಾವ ರೋಗಿ ಕುಡಿದ ನೀರಿನ ಲೆಕ್ಕದಲ್ಲಿ ಸುಳ್ಳು ಹೇಳುತ್ತಾನೆ, ಎಲ್ಲ ಅವಳಿಗೆ ಗೊತ್ತು. ಅದಕ್ಕೂ ಮಿಗಿಲಾಗಿ ಡ್ರೈವರ್ ತಾತ ಅವಳವನು. ಬಸ್ಸು ಓಡಿಸಿ ನಿವೃತ್ತನಾದ ಆ ಮುದುಕನ ತೋಳಿನಲ್ಲಿ ಸೂಜಿ ಹಾಕಲೆಂದೇ ಶಸ್ತ್ರಕ್ರಿಯೆ ಮಾಡಿ ಹಿಗ್ಗಿಸಿದ ನಾಳ, ಫಿಸ್ಟುಲಾ, ಆಳದಲ್ಲಿ ಅಡಗಿ ನಡುವೆ ತಿರುವು ತೆಗೆದುಕೊಂಡಿತ್ತು. ಸ್ವಲ್ಪ ಓರೆಯಾದರೂ ಸೂಜಿ ನಾಳದ ಹಿಂಗೋಡೆ ಹಾಯ್ದು, ರಕ್ತ ಒಳಗೇ ಸೋರಿ ತೋಳು ಊದಿಕೊಳ್ಳುತ್ತಿತ್ತು. ಹಾಗಾಗಿ ತಾತ ಅವಳೊಬ್ಬಳಿಗೆ ಬಿಟ್ಟು ಬೇರೆ ಯಾರಿಗೂ ತೋಳು ಚಾಚುತ್ತಿರಲಿಲ್ಲ.

ಹೊಸಬಳು ಸೇರುವ ದಿನ ನಡೆಯಲಿದ್ದ ಮೀಟಿಂಗ್‌ಗೆ ಎರಡು ದಿನ ಮುಂಚೆ ಇನ್‌ಚಾರ್ಜ್ ಸಿಸ್ಟರ್ ಅವಳನ್ನು ಕರೆದರು.

"ಹೊಸಬಳಿಗೆ ಸ್ವಾಗತದ ಮಾತು ನೀವೇ ಆಡಿ, ಅಕ್ಕ. ನಿಮ್ಮನೆಯವಳೇ ತಾನೇ. ಆದ್ರೆ ಚುಟುಕಾಗಿರ್ಲಿ. ಅವಳು ಯಾರು, ಯಾರ ಜೊತೆ ಇರ್ತಾಳೆ, ಗೊತ್ತಾಗದಿದ್ರೆ ಯಾರನ್ನ ಕೇಳ್ಬೇಕು, ಅಷ್ಟೇ. ಪ್ರೀತಿಯಿಂದ ಹೇಳಿ, ತಲೆ ಮೇಲೆ ಬಂಡೆ ಇಡ್ಬೇಡಿ. ನಾನು ಸೇರಿದ ದಿನ ಒಬ್ರಾದ ಮೇಲೊಬ್ರು ಭಾಷಣ ಕುಟ್ಟಿದ್ರು. ಬಾತ್‌ರೂಮ್ ಎಲ್ಲಿದೆ ಅಂತ ಮಾತ್ರ ಒಬ್ರೂ ಹೇಳ್ಲಿಲ್ಲ!"

ಹಿರಿಸೊಸೆ ನಕ್ಕು ತಲೆಯಾಡಿಸಿದಳು.

ಮರುದಿನ ಮಧ್ಯಾಹ್ನ ಓರಗಿತ್ತಿಯರಿಬ್ಬರೂ ಮಹಡಿಯ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದರು. ಕಿರಿಸೊಸೆ ಒಂದು ದಿಂಬಿನ ಚೀಲವನ್ನು ಮಡಚಿದ್ದನ್ನೇ ಮತ್ತೆ ಮತ್ತೆ ಮಡಚುತ್ತಿದ್ದಳು.

"ಅಕ್ಕಾ, ಒಂದು ಮಾತು. ಯಾರಿಗೂ ಹೇಳ್ಬೇಡಿ. ಹಳೇ ಆಸ್ಪತ್ರೆಲಿ ನನಗೆ ಸುಲಭದ ತೋಳುಗಳನ್ನ ಮಾತ್ರ ಕೊಡ್ತಿದ್ರು. ಕಷ್ಟದ್ದೆಲ್ಲ ಸೀನಿಯರ್‌ಗಳೇ ಮಾಡ್ತಿದ್ರು. ಇಲ್ಲಿ ಏನಾಗುತ್ತೋ ಅಂತ ಕೈಕಾಲೇ ಆಡ್ತಿಲ್ಲ."

"ಹೆದರ್ಕೋಬೇಡ್ವೇ, ನಾನಿಲ್ವಾ?" ಎಂದಳು ಹಿರಿಸೊಸೆ. ಹೇಳುವಾಗ ಅದು ನಿಜವೇ ಆಗಿತ್ತು. ಆದರೆ ಕೆಳಗಿಳಿದು ಬಂದಾಗ ಅತ್ತೆ ಕಿರಿಯವಳಿಗೆಂದು ತಮ್ಮ ಹಳೆಯ ಕೈಗಡಿಯಾರವನ್ನು ರಿಪೇರಿ ಮಾಡಿಸಿ ತಂದಿಟ್ಟಿದ್ದರು. "ಕೆಲಸಕ್ಕೆ ಹೋಗೋಳಿಗೆ ಬೇಕಾಗುತ್ತೆ," ಎಂದರು. ಹಿರಿಯವಳು ಕೆಲಸಕ್ಕೆ ಸೇರಿದ ದಿನ ಅದೇ ಅತ್ತೆ "ಸಂಜೆ ಬರೋವಾಗ ತರಕಾರಿ ತಗೊಂಡು ಬಾ" ಎಂದಿದ್ದರು. ಅಷ್ಟು ಸಾಕಾಯಿತು.

ಬೆಳಗಿನ ಪಾಳಿಯ ರೋಗಿಗಳು ಹೊರಟು, ಮಧ್ಯಾಹ್ನದವರು ಬರುವ ಮುಂಚಿನ ಬಿಡುವಿನಲ್ಲಿ ಸ್ಟೋರ್ ರೂಮ್ ಪಕ್ಕದ ಕೋಣೆಯಲ್ಲಿ ಮೀಟಿಂಗ್ ಸೇರಿತು. ಸಲೈನ್ ರಟ್ಟಿನ ಪೆಟ್ಟಿಗೆಗಳ ಮೇಲೂ ಕೆಲವರು ಕೂತಿದ್ದರು. ಕಿರಿಸೊಸೆ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ, ಎದ್ದು ಓಡುವವಳ ಹಾಗೆ ಕೂತಿದ್ದಳು. ಹಿರಿಸೊಸೆ ಎದ್ದು ನಿಂತಳು.

"ಇವಳು ನನ್ನ ಓರಗಿತ್ತಿ. ಇವತ್ತಿಂದ ನಮ್ಮವಳು," ಎಂದು ಶುರುಮಾಡಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ನಾಲಿಗೆ ನಿಲ್ಲಲಿಲ್ಲ. "ನೀವೆಲ್ಲ ಹೊಸಬಳು ಅಂತ ಲಘುವಾಗಿ ನೋಡ್ಬೇಡಿ. ದೊಡ್ಡ ಕಡೆ ಕೆಲಸ ಮಾಡಿ ಬಂದಿದ್ದಾಳೆ. ಹೊಸ ಮೆಷಿನ್‌ಗಳೆಲ್ಲ ಇವಳಿಗೆ ನೀರು ಕುಡಿದಷ್ಟು ಸುಲಭ. ಸೂಜಿ ಹಾಕೋದ್ರಲ್ಲಂತೂ ಇವಳ ಕೈ ಮುಂದೆ ನಮ್ಮ ಕೈ ಏನೇನೂ ಅಲ್ಲ. ನಮ್ಮ ಡ್ರೈವರ್ ತಾತನ ತೋಳೂ ಇವಳಿಗೆ ಲೆಕ್ಕಕ್ಕಿಲ್ಲ. ನಾವೇ ಇವಳನ್ನ ನೋಡಿ ಕಲೀಬೇಕು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಳಿಯ ಕೆಲಸ ಹಂಚುವ ಟೆಕ್ನಿಷಿಯನ್, ಎಲ್ಲರೂ 'ಗಡಿಬಿಡಿ' ಎಂದು ಕರೆಯುವವನು, "ಅಬ್ಬಾ, ದೇವರು ಕೊಟ್ಟಂಗಾಯ್ತು!" ಎಂದ. ಇನ್‌ಚಾರ್ಜ್ ಸಿಸ್ಟರ್ ಹುಬ್ಬು ಗಂಟಿಕ್ಕಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ವಾರ್ಡಿನಿಂದ ಡಾಕ್ಟರ ಕರೆ ಬಂದು ಎದ್ದು ಹೋದರು.

ಕಿರಿಸೊಸೆಯ ಮುಖ ಸುಣ್ಣದಂತಾಗಿತ್ತು. ಅವಳು ಓರಗಿತ್ತಿಯನ್ನೇ ನೋಡುತ್ತಿದ್ದಳು. ಅಲ್ಲವೆನ್ನಲು ಹತ್ತು ಜನರ ಮುಂದೆ ಅಕ್ಕನ ಮಾತನ್ನು ಸುಳ್ಳು ಮಾಡಬೇಕು. ಹೌದೆನ್ನಲು ಬಾಯಿ ಬಾರದು. ಅಟ್ಟ ಹತ್ತಿಸಿ ಏಣಿ ತೆಗೆಯುವುದೆಂದರೆ ಇದೇ. ತೆಗೆದವಳಿಗೆ ಒಳಗೊಳಗೇ ತಂಪಾಯಿತು.

ಮಧ್ಯಾಹ್ನದ ಪಾಳಿಯಲ್ಲಿ ಗಡಿಬಿಡಿ ಹೊಸಬಳಿಗೆ ಡ್ರೈವರ್ ತಾತನ ಕುರ್ಚಿಯನ್ನೇ ಕೊಟ್ಟ. "ನಿಮ್ಮ ಕೈಚಳಕ ನಾವೂ ನೋಡೋಣ," ಎಂದ, ಒಳ್ಳೆಯ ಮನಸ್ಸಿನಿಂದಲೇ. ತಾತ ಹಿರಿಸೊಸೆಯ ಕಡೆ ತಿರುಗಿದ.

"ನೀನು ಬರಲ್ವೇನಮ್ಮ?"

"ಇವಳು ನನಗಿಂತ ಚೆನ್ನಾಗಿ ಹಾಕ್ತಾಳೆ ತಾತ, ಕೈ ಕೊಡಿ," ಎಂದು ಅವಳು ಪಕ್ಕದ ಮೆಷಿನ್‌ಗೆ ಟ್ಯೂಬು ಜೋಡಿಸತೊಡಗಿದಳು. ಟ್ಯೂಬಿನೊಳಗೆ ಸಲೈನ್ ಹರಿದು ಗಾಳಿಗುಳ್ಳೆಗಳು ಹೊರಹೋಗುವುದನ್ನು ನೋಡುತ್ತಿದ್ದವಳಂತೆ ನಿಂತಿದ್ದರೂ, ಕಣ್ಣಂಚು ಆ ಕುರ್ಚಿಯ ಮೇಲೇ ಇತ್ತು.

ಕಿರಿಸೊಸೆ ಕ್ರಮ ತಪ್ಪಲಿಲ್ಲ. ತೋಳನ್ನು ನೋಡಿದಳು, ಸ್ಟೆತಾಸ್ಕೋಪ್ ಇಟ್ಟು ಕೇಳಿದಳು, ಬೆರಳಿಟ್ಟು ನಾಳದ ಗುಂಯ್ ಎನ್ನುವ ಕಂಪನ ಹುಡುಕಿದಳು, ಚರ್ಮ ಶುಚಿಮಾಡಿದಳು. ಸೂಜಿ ಒಳಹೋಯಿತು. ರಕ್ತವೂ ಚಿಮ್ಮಿ ಬಂತು. ಆಮೇಲೆ ಇನ್ನೊಂದಿಷ್ಟು ಒಳಗೆ ತಳ್ಳುವಾಗ ತಿರುವು ಸಿಕ್ಕಿತು. ತಾತ "ಹಾ!" ಎಂದು ಹಲ್ಲು ಕಚ್ಚಿದ. ಚರ್ಮದಡಿ ನಿಂಬೆಕಾಯಿ ಗಾತ್ರದ ಊತ ಎದ್ದಿತು.

ಹಿರಿಸೊಸೆ ಕಾಯುತ್ತಿದ್ದದ್ದು ಈ ಗಳಿಗೆಯನ್ನೇ. ಆದರೆ ತಾತನ ಆ ಕೂಗು ಅವಳ ಎದೆಗೇ ಚುಚ್ಚಿತು. ಆ ತೋಳನ್ನು ಅವಳು ಇಷ್ಟು ವರ್ಷ ಮಗುವಿನಂತೆ ಕಾಪಾಡಿದ್ದಳು.

ಕಿರಿಸೊಸೆ ತಡಮಾಡದೆ ಸೂಜಿ ಹೊರತೆಗೆದು ಗಾಜ್ ಇಟ್ಟು ಒತ್ತಿ ಹಿಡಿದಳು. ಎರಡನೇ ಸಲ ಪ್ರಯತ್ನಿಸಲಿಲ್ಲ. ಇಡೀ ಹಾಲ್‌ಗೆ ಕೇಳಿಸುವಂತೆ ಹೇಳಿದಳು:

"ಅಕ್ಕಾ, ನೀವು ಬನ್ನಿ. ಇಂಥ ತೋಳಿಗೆ ನನಗೆ ಅಭ್ಯಾಸ ಇಲ್ಲ. ತಾತ, ತಪ್ಪಾಯ್ತು. ಮೊದಲೇ ಹೇಳ್ಬೇಕಿತ್ತು ನಾನು."

ತಾತ ಬೆವರುತ್ತಲೇ ಅವಳ ತಲೆ ಸವರಿದ. "ಪರವಾಗಿಲ್ಲ ಬಿಡು ಮಗಳೇ. ನಾನೂ ಮೊದಲನೇ ದಿನ ಬಸ್ಸನ್ನ ಕಾಂಪೌಂಡಿಗೆ ಗುದ್ದಿದ್ದೆ."

ಮಗಳೇ! ಇಷ್ಟು ವರ್ಷದಲ್ಲಿ ಹಿರಿಸೊಸೆ ಆ ಬಾಯಲ್ಲಿ ಕೇಳಿದ್ದು ಬರೀ 'ನೋಡಮ್ಮ', 'ಕೇಳಮ್ಮ'. ಬೀಳಲೆಂದು ಇವಳು ಅಟ್ಟ ಹತ್ತಿಸಿದ್ದ ಕಿರಿಯವಳು ತಾನೇ ಕೆಳಗಿಳಿದು ಬಂದಿದ್ದಳು, ಮೇಲಾಗಿ ಮುದುಕನ ಮನಸ್ಸನ್ನೂ ಕಿತ್ತುಕೊಂಡಿದ್ದಳು. ಹಿರಿಸೊಸೆ ಕೈಗವಸು ತೊಟ್ಟು, ಊತಕ್ಕೆ ತಣ್ಣನೆಯ ಪ್ಯಾಕ್ ಇಡಿಸಿ, ಅದರಿಂದ ದೂರದಲ್ಲಿ, ರಕ್ತ ಹೊರತರಲು ಒಂದು, ಮರಳಿಸಲು ಒಂದು, ಎರಡೂ ಸೂಜಿ ಹಾಕಿದಳು. ಕೈ ತಪ್ಪಲಿಲ್ಲ. ಆದರೆ ಅಂದು ಅದನ್ನು ಯಾರೂ ಹೊಗಳಲಿಲ್ಲ.

ಸಂಜೆ ಇನ್‌ಚಾರ್ಜ್ ಸಿಸ್ಟರ್ ಗಡಿಬಿಡಿಯನ್ನು ಬಯ್ದು, ಆಮೇಲೆ ಹಿರಿಸೊಸೆಯನ್ನು ಕರೆದರು. ದನಿ ಏರಿಸಲಿಲ್ಲ.

"ನಾನು ಎರಡು ಮಾತು ಕೇಳಿದ್ದೆ. ನೀವು ಮೆರವಣಿಗೆ ಮಾಡಿದ್ರಿ. ಅವಳು ಒದ್ದಾಡಿದ್ದು ಹೋಗ್ಲಿ, ನೋವು ತಿಂದಿದ್ದು ತಾತ. ನಾಳೆ ಮತ್ತೆ ಎಲ್ಲರೂ ಸೇರ್ತಾರೆ. ಅವರ ಮುಂದೆ ಇನ್ನೊಂದ್ಸಲ ಸ್ವಾಗತ ಮಾಡಿ. ಸರಿಯಾಗಿ."

ಬಸ್ ನಿಲ್ದಾಣದಲ್ಲಿ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದರು. ಕಿರಿಸೊಸೆ ರಸ್ತೆಯ ಕಡೆ ನೋಡುತ್ತಲೇ ಕೇಳಿದಳು.

"ನನಗೆ ಬರಲ್ಲ ಅಂತ ನಿಮಗೆ ಗೊತ್ತಿತ್ತಲ್ವಾ ಅಕ್ಕ? ನಾನೇ ಹೇಳಿದ್ದೆ."

ಮರೆತುಹೋಗಿತ್ತು ಎನ್ನಬಹುದಿತ್ತು. ಪ್ರೀತಿಗೆ ಹೇಳಿಬಿಟ್ಟೆ ಎನ್ನಬಹುದಿತ್ತು. ಎರಡೂ ಗಂಟಲವರೆಗೆ ಬಂದವು.

"ಗೊತ್ತಿತ್ತು," ಎಂದಳು ಹಿರಿಸೊಸೆ. "ಹೊಟ್ಟೆಕಿಚ್ಚು ಕಣೇ. ಮನೇಲಿ ಎಲ್ಲ ನಿನ್ನದಾಯ್ತು. ಇಲ್ಲೂ ಬಂದ್ಯಲ್ಲ ಅಂತ."

ಕಿರಿಸೊಸೆ ಅಳಲಿಲ್ಲ, ಕೈ ಹಿಡಿಯಲಿಲ್ಲ. "ತಾತನ ತೋಳು ಏನು ಮಾಡಿತ್ತು?" ಎಂದಷ್ಟೇ ಕೇಳಿದಳು. ಬಸ್ಸು ಬಂದಾಗ ಮುಂದಿನ ಸೀಟಿನಲ್ಲಿ ಯಾರೋ ಅಪರಿಚಿತಳ ಪಕ್ಕ ಹೋಗಿ ಕೂತಳು.

ಮರುದಿನ ಅದೇ ಕೋಣೆ, ಅದೇ ರಟ್ಟಿನ ಪೆಟ್ಟಿಗೆಗಳು. ಹಿರಿಸೊಸೆ ಎದ್ದು ನಿಂತಾಗ ಕಿರಿಸೊಸೆ ಮಡಿಲಲ್ಲಿ ಬೆರಳು ಹೆಣೆದು ಬಿಗಿಯಾಗಿ ಕೂತಿದ್ದಳು.

"ನಿನ್ನೆ ನಾನು ಅತಿ ಮಾಡ್ದೆ. ತಾತನಿಗೆ ಆದ ನೋವಿಗೆ ಕಾರಣ ನಾನು, ಇವಳಲ್ಲ," ಎಂದಳು. ಒಂದಿಬ್ಬರು ತಲೆ ಎತ್ತಿ ನೋಡಿದರು. "ಇವಳು ನಮ್ಮ ಹೊಸ ಟೆಕ್ನಿಷಿಯನ್. ಈ ತಿಂಗಳು ನನ್ನ ಜೊತೆ ಇರ್ತಾಳೆ. ಮೊದಲು ಮೆಷಿನ್ ಸಿದ್ಧ ಮಾಡೋದು, ಸುಲಭದ ತೋಳುಗಳು, ಅಷ್ಟೇ. ಗೊತ್ತಾಗದೆ ಇದ್ರೆ ನನ್ನ ಕೇಳ್ಲಿ, ನಾನು ಸಿಗದಿದ್ರೆ ನಿಮ್ಮಲ್ಲಿ ಯಾರನ್ನಾದ್ರೂ ಕೇಳ್ತಾಳೆ, ಹೇಳಿಕೊಡಿ. ನಿನ್ನೆ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ್ಲು. ನಮಗೆ ಅಂಥೋರು ಬೇಕು. ನೀನು ಬಂದಿದ್ದು ಒಳ್ಳೇದಾಯ್ತು ಕಣೇ."

ಅಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ನರ್ಸ್ ಸರಿದು ಕೂತು ಪೆಟ್ಟಿಗೆಯ ಮೇಲೆ ಜಾಗ ಮಾಡಿಕೊಟ್ಟಳು. ಇನ್ನೊಬ್ಬಳು "ಲಾಕರ್ ಬೀಗ ಸ್ವಲ್ಪ ಎತ್ತಿ ತಿರುಗಿಸ್ಬೇಕು, ನಾನು ತೋರಿಸ್ತೀನಿ," ಎಂದಳು. ಕಿರಿಸೊಸೆಯ ಬೆರಳುಗಳು ಸಡಿಲವಾದವು.

ತಾತನ ಊತ ಇಳಿಯಲು ದಿನಗಳು ಹಿಡಿದವು. ಓರಗಿತ್ತಿಯರು ಬಸ್ಸಿನಲ್ಲಿ ಮತ್ತೆ ಒಂದೇ ಸೀಟಿಗೆ ಬರಲು ಅದಕ್ಕಿಂತ ಹೆಚ್ಚೇ ಹಿಡಿಯಿತು. ತಿಂಗಳ ಕೊನೆಗೆ ತಾತನ ಒಪ್ಪಿಗೆ ಕೇಳಿ, ಹಿರಿಸೊಸೆ ಕಿರಿಯವಳ ಬೆರಳನ್ನು ಆ ತೋಳಿನ ಮೇಲಿಟ್ಟಳು.

"ಇಲ್ಲಿ ಕಂಪನ ಪಕ್ಕಕ್ಕೆ ಹೊರಳುತ್ತೆ, ಗೊತ್ತಾಯ್ತಾ? ತಿರುವು ಅದೇ. ಅದಕ್ಕೆ ಮುಂಚೆನೇ ಸೂಜಿ ಮಲಗಿಸ್ಬೇಕು. ಆಮೇಲೆ ನೂಕ್ಬೇಡ."

ಸೂಜಿ ಸಲೀಸಾಗಿ ಹೋಯಿತು. ತಾತ ಕಣ್ಣು ಬಿಟ್ಟು, "ಆಯ್ತಾ? ಗೊತ್ತೇ ಆಗ್ಲಿಲ್ಲವಲ್ಲ ಮಗಳೇ!" ಎಂದ.

ಆ 'ಮಗಳೇ' ಹಿರಿಸೊಸೆಯನ್ನು ಈಗಲೂ ಚುಚ್ಚಿತು. ಅವಳು ಟೇಪ್ ಕತ್ತರಿಸಿ ಕಿರಿಯವಳ ಕೈಗೆ ಕೊಟ್ಟಳು. "ಎರಡನೇದೂ ನೀನೇ ಹಾಕು," ಎಂದಳು.