ರಾತ್ರಿಗೆ ಅರ್ಧವೇ ಸಾಕು

ನನ್ನ ಬಾಯಿ ದೊಡ್ಡದು. ಗೋಕಾಕದ ಬಜಾರಿನಲ್ಲಿ ನಮ್ಮ ಪಾತ್ರೆ-ಭಾಂಡೆ ಅಂಗಡಿಯ ಬಾಜೂ ಯಾರನ್ನೇ ಕೇಳಿ, “ಜಿನೇಂದ್ರನ ಹೇಣ್ತಿ ಮಯೂರಿ ಏನ್ರಿ? ಆಕಿ ಬಾಯಾಗ ಯಾರು ಬೀಳ್ತಾರ್ರಿ!” ಅನ್ನುತ್ತಾರೆ. ಅದಕ್ಕೇ ಚತುರ್ದಶಿ ಬಂತೆಂದರೆ ಮನೆಯವರಿಗೆಲ್ಲ ಖುಷಿ. ಅವತ್ತು ನನಗೆ ಉಪವಾಸ, ಮೇಲೆ ಹೊತ್ತು ಮುಳುಗುವವರೆಗೆ ಮೌನ. ಬರೆದು ತೋರಿಸುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಫೋನು ಮುಟ್ಟುವಂತಿಲ್ಲ. ಮದುವೆಯಾಗಿ ತವರೂರು ದಡ್ಡಿಯಿಂದ ಈ ಮನೆಗೆ ಬಂದಾಗಿನಿಂದ ಒಂದು ಸಲವೂ ಮುರಿದಿರಲಿಲ್ಲ.

ಮಾತು ನಿಂತ ಮನೆ ಬೇರೆಯೇ ಮನೆ. ಬಿಸಿಲು ಕಿಟಕಿಯಿಂದ ಇಳಿದು ಕಡಪಾ ಕಲ್ಲಿನ ನೆಲದ ಮೇಲೆ ಮೆಲ್ಲಗೆ ಸರಿಯುವುದು ಕಾಣುತ್ತದೆ. ಎಲ್ಲೋ ದೂರದ ಬಸ್ಸಿನ ಹಾರ್ನು, ಹಿತ್ತಲಲ್ಲಿ ಒಗೆಯುವ ಸಪ್ಪಳ, ಅತ್ತೆ ಜಿನ್ನವ್ವನವರ ಜಪದ ಗುನುಗು, ಎಲ್ಲ ಒಂದಕ್ಕೊಂದು ಬೆರೆತು, ಎಚ್ಚರವೋ ನಿದ್ದೆಯೋ ತಿಳಿಯದ ಹಾಗಾಗುತ್ತದೆ. ಹೊಟ್ಟೆ ಹಗುರ, ತಲೆ ಹಗುರ. ನಾನೇ ನನ್ನಿಂದ ಸ್ವಲ್ಪ ದೂರ ಕೂತ ಹಾಗೆ. ಅದು ನನಗೆ ಬಹಳ ಇಷ್ಟ.

ಉಳಿದ ದಿನಗಳಲ್ಲಿ ನನ್ನ ಕೆಲಸ ಶೇರು. ಬೆಳಗ್ಗೆ ಕೊಂಡು ಮಧ್ಯಾಹ್ನ ಮಾರುವ ಗಡಿಬಿಡಿ ನನ್ನದಲ್ಲ. ಏರುವ ಲಕ್ಷಣವಿದ್ದ ಶೇರು ಹಿಡಿದು, ಎರಡು ಮೂರು ವಾರ ಕಾದು, ಏರಿದ ಮೇಲೆ ಬಿಡುತ್ತೇನೆ. ಮಾವ ಬಾಪುಸಾಹೇಬರು ಐದು ಲಕ್ಷ ಕೈಯಲ್ಲಿಟ್ಟು ಒಂದೇ ಮಾತು ಹೇಳಿದ್ದರು: “ನೋಡವಾ, ಐದರ ಕೆಳಗ ಇಳಿದ ದಿನ ರೊಕ್ಕ ತಿರುಗಿ ಅಂಗಡಿಗೆ. ನೀನೂ ಅಂಗಡಿಗೆ.” ಕೊಳಗ, ಪರಾತ ಎಣಿಸುತ್ತ ಗಲ್ಲಾದ ಬಾಜೂ ಕೂಡುವುದೆಂದರೆ ನನ್ನ ಜೀವ ಹೋಗುತ್ತದೆ. ಈ ಕೆಲಸ ನನ್ನದು. ನನ್ನದೆಂದು ನನಗಿರುವುದು ಇದೊಂದೇ.

ಆ ಚತುರ್ದಶಿಯ ಹೊತ್ತಿಗೆ ನಮ್ಮ ಹತ್ತಿರ ಒಂದು ಪಂಪ್ ಕಂಪನಿಯ ಐನೂರು ಶೇರು ಇದ್ದವು, ಬೆಲೆ ನಾಲ್ಕು ನೂರು. ಖಾತೆಯಲ್ಲಿ ಎಲ್ಲ ಸೇರಿ ಐದು ಲಕ್ಷ ಹದಿನೈದು ಸಾವಿರ. ಅದೇ ಸಂಜೆ, ಮೂರೂವರೆಗೆ ಶೇರು ಬಾಜಾರ ಮುಚ್ಚಿದ ಮೇಲೆ, ಕಂಪನಿ ತನ್ನ ಮೂರು ತಿಂಗಳ ಲೆಕ್ಕ ಹೊರಗೆ ಹಾಕುವುದಿತ್ತು. ಲೆಕ್ಕ ಕೆಟ್ಟಿದ್ದರೆ ಮರುದಿನ ಬೆಲೆ ಮೆಟ್ಟಿಲಿಳಿದಂತೆ ಇಳಿಯುವುದಿಲ್ಲ. ನಾಲ್ಕು ನೂರಕ್ಕೆ ಮುಚ್ಚಿದ್ದು ಮೂರು ನೂರಾ ನಲವತ್ತಕ್ಕೇ ಬಾಗಿಲು ತೆರೆಯುತ್ತದೆ. ನಡುವಿನ ಬೆಲೆಗೆ ಕೊಳ್ಳುವವರೂ ಇಲ್ಲ, ಮಾರುವವರೂ ಇಲ್ಲ. ಅದನ್ನೇ ಗ್ಯಾಪ್ ಅನ್ನುವುದು.

ಅದಕ್ಕೆ ನನ್ನ ಪದ್ಧತಿ ಇದು: ಅರವತ್ತು ರೂಪಾಯಿ ಬಿದ್ದರೂ ತಡೆಯುವಷ್ಟೇ ಶೇರು ರಾತ್ರಿಗೆ ಇಟ್ಟುಕೊಳ್ಳಬೇಕು. ಇನ್ನೂರೈವತ್ತು ಇದ್ದರೆ ಹೋಗುವುದು ಹದಿನೈದು ಸಾವಿರ, ಮಾವನವರ ಗೆರೆಯ ಮೇಲೇ ನಿಲ್ಲುತ್ತೇನೆ. ಐನೂರಿದ್ದರೆ ಮೂವತ್ತು ಸಾವಿರ, ನೇರ ಅಂಗಡಿಗೆ. ದಿನದ ಏರಿಕೆ ಪೂರಾ ಸಿಗಲೆಂದು ನಾನು ಮಾರುವುದು ಬಾಜಾರ ಮುಚ್ಚುವ ಹೊತ್ತಿಗೇ, ಆದರೆ ಅವತ್ತು ನನಗೆ ಫೋನು, ಕಂಪ್ಯೂಟರು ಮುಟ್ಟುವಂತಿಲ್ಲ. ಅದಕ್ಕೆ ಹೊತ್ತು ಹುಟ್ಟುವ ಮೊದಲೇ ಇವರಿಗೆ, ಅಂದರೆ ಗಂಡ ಜಿನೇಂದ್ರರಿಗೆ, ಹೇಳಿ ಬಾಯಿ ಮುಚ್ಚಿದ್ದೆ.

“ಮಧ್ಯಾಹ್ನ ಮೂರೂಕಾಲಿಗಿ ಅರ್ಧಾ ಮಾರ್ರಿ. ಏರಿರ್ಲಿ, ಇಳಿದಿರ್ಲಿ, ಅರ್ಧಾ.”

“ಆತ್ ತಗೋ, ನೂರು ಸಲ ಹೇಳಬ್ಯಾಡ,” ಅಂದಿದ್ದರು.

ಮೂರಕ್ಕೆ ಅಂಗಡಿಯಿಂದ ಬಂದು ಕಂಪ್ಯೂಟರಿನ ಮುಂದೆ ಕೂತರು. ನಾನು ಜಪಮಾಲೆ ಹಿಡಿದು ದೇವರ ಕೋಣೆಯ ಹೊಸ್ತಿಲ ಹತ್ತಿರ ಕೂತಿದ್ದೆ. ಪರದೆ ಅಲ್ಲಿಂದಲೇ ಕಾಣುತ್ತಿತ್ತು. ಶೇರು ಏರುತ್ತಿತ್ತು. ನಾಲ್ಕು ನೂರಾ ಆರು, ಒಂಬತ್ತು, ಹನ್ನೆರಡು. ಹಸಿರು ಬಣ್ಣ ಇವರ ಕನ್ನಡಕದ ಮೇಲೆ ಬಿದ್ದು ಕನಸಿನೊಳಗೆ ಕೂತವರಂತೆ ಕಂಡರು. ಅದನ್ನು ನೋಡುತ್ತ ನಾನೂ ಒಂದು ಗಳಿಗೆ ತೇಲಿದೆ. ಇರಲಿ ಬಿಡು, ಎಷ್ಟು ಚೆಂದ ಏರುತ್ತಿದೆ ಅನಿಸಿತು.

ಮೂರೂಕಾಲಾಯಿತು. ಇವರ ಕೈ ಮೌಸಿನ ಮೇಲೆ ಹೋಗಲಿಲ್ಲ. ನಾನು ಎದ್ದು ಬಾಗಿಲಲ್ಲಿ ನಿಂತೆ. ಇವರು ನೋಡಿದರು, ನಕ್ಕರು.

“ಹಂಗ್ಯಾಕ ಗುರಾಯಿಸ್ತಿ? ಮೂರು ನೂರಾ ಎಂಬತ್ತಕ್ಕ ಸ್ಟಾಪ್‌ಲಾಸ್ ಹಾಕೇನಿ. ಇಳಿದ್ರ ಅದಽ ಮಾರತೈತಿ. ಮುಗೀತಲ್ಲ?”

ಅಯ್ಯ ದೇವರೇ! ಎಷ್ಟು ಸಲ ಹೇಳಿಲ್ಲ ಇದನ್ನು? ಬಾಜಾರ ನಡೆದಾಗ ಸ್ಟಾಪ್‌ಲಾಸ್ ಕಾಯುತ್ತದೆ, ಮುಚ್ಚಿದ ಮೇಲೆ ಅದೂ ಮಲಗುತ್ತದೆ. ಬೆಳಗ್ಗೆ ಬೆಲೆ ಮೂರು ನೂರಾ ನಲವತ್ತಕ್ಕೆ ತೆರೆದರೆ ಅದು ಎದ್ದು ಮಾರುವುದೂ ಆ ನಲವತ್ತರ ಆಸುಪಾಸಿಗೇ. ಎಂಬತ್ತು ಯಾರು ಕೊಡುತ್ತಾರೆ, ಇವರ ಮಾಮನೇ? ನಾಲಿಗೆಯ ತುದಿಯಲ್ಲಿ ಕುದಿಯುತ್ತಿತ್ತು. ಒಳಗೆ ಅತ್ತೆ ಜಪ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಬಿಸಿಲು ಗೋಡೆಯ ಬುಡ ಮುಟ್ಟಿತ್ತು. ಇಷ್ಟು ವರ್ಷ ಕಾಪಾಡಿದ ಮೌನ ಒಂದು ಕಡೆ, ಇಡೀ ನನ್ನ ಕೆಲಸ ಒಂದು ಕಡೆ. ಗಡಿಯಾರದ ಮುಳ್ಳು ಕೂಡ ಹತ್ತಿಯಲ್ಲಿ ನಡೆದ ಹಾಗೆ ಸಪ್ಪಳವಿಲ್ಲದೆ ಹೋಗುತ್ತಿತ್ತು. ಬಾಜಾರ ಮುಚ್ಚಲು ಐದೇ ನಿಮಿಷ ಉಳಿದಿತ್ತು.

“ಅರ್ಧಾ ಮಾರ್ರಿ,” ಅಂದೆ.

ಆ ದನಿ ನನ್ನದೆಂದು ನನಗೇ ಗೊತ್ತಾಗಲಿಲ್ಲ. ಇವರ ಮುಖ ಬಿಳಿಚಿತು. ಕೈ ತಾನಾಗಿಯೇ ಸರಿದು ಇನ್ನೂರೈವತ್ತು ಮಾರಿತು, ನಾಲ್ಕು ನೂರಾ ಹನ್ನೆರಡಕ್ಕೆ.

“ಅಯ್ಯ ಯವ್ವಾ, ಶೇರಿನ ಸಲುವಾಗಿ ಮೌನ ಮುರದ್ಯಲ್ಲ!” ಅತ್ತೆ ಹಣೆ ಹಣೆ ಬಡಿದುಕೊಂಡರು. ನಾನು ಮತ್ತೆ ಬಾಯಿ ಬಿಡಲಿಲ್ಲ. ದೇವರ ಮುಂದೆ ಕೂತು ಗಳಗಳ ಅತ್ತುಬಿಟ್ಟೆ.

ಮರುದಿನ ಬೆಳಗ್ಗೆ ಅತ್ತೆಯವರೇ ಬಿಸಿನೀರು ಕೊಟ್ಟು ನನ್ನ ಪಾರಣೆ ಮಾಡಿಸಿದರು. ಪ್ರಾಯಶ್ಚಿತ್ತಕ್ಕೆ ಎಷ್ಟು ಜಪ ಎಂದು ಬಸದಿಯಲ್ಲಿ ಕೇಳಿ ಬರುತ್ತೇನೆಂದರು. ಹೊಳೆಯ ಕಡೆಯಿಂದ ಎದ್ದ ಮಂಜು ಓಣಿಯ ತುಂಬ ಹತ್ತಿ ಹರವಿದಂತಿತ್ತು. ಒಂಬತ್ತರ ಹೊತ್ತಿಗೆ ಇವರು ಪರದೆಯ ಮುಂದೆ ಕೂತಿದ್ದರು. ಬಾಜಾರ ತೆರೆಯುವ ಮುಂಚೆ ಕೆಲ ನಿಮಿಷ ಎಲ್ಲರ ಆರ್ಡರು ಕೂಡಿಸಿ ಮೊದಲ ಬೆಲೆ ಗೊತ್ತು ಮಾಡುತ್ತಾರೆ. ಆ ಅಂಕಿ ಅಲುಗುತ್ತ ಅಲುಗುತ್ತ ನಿಂತಿತು.

ನಾಲ್ಕು ನೂರಾ ಐವತ್ತೆರಡು. ಗ್ಯಾಪ್ ಬಿದ್ದಿತ್ತು, ಮೇಲಕ್ಕೆ.

“ಹತ್ತು ಸಾವಿರ ಮಣ್ಣಿಗಿ ಹಾಕಿದಿ!” ಇವರು ಕುಣಿದೇ ಬಿಟ್ಟರು. “ಮೌನಾನೂ ಹೋತು, ರೊಕ್ಕಾನೂ ಹೋತು. ನಾ ಹೇಳಿದ್ದು ಖರೆ ಆತಿಲ್ಲೊ? ಇನ್ನ ಮುಂದ ಪೂರಾ ಇಡೋಣು, ಏನ?”

ಉಳಿದ ಅರ್ಧದ ಮೇಲೆ ಹತ್ತು ಸಾವಿರ ಬಂದಿತ್ತು. ನಕ್ಕು ಸುಮ್ಮನಿರಬಹುದಿತ್ತು. ಆದರೆ ಖರೇ ಹೇಳುತ್ತೇನೆ, ಹೆದರಿದೆ. ಕೆಳಗೆ ಬಿದ್ದಿದ್ದರೆ ಇವರು ಒಂದು ಪಾಠ ಕಲಿಯುತ್ತಿದ್ದರು. ಈಗ ಕಲಿತದ್ದು ಅದರ ಉಲ್ಟಾ. ಆ ಹಸಿರು ಇವರ ಕಣ್ಣಿನಿಂದ ಇನ್ನು ಇಳಿಯುವುದಿಲ್ಲ.

“ಕಂಪ್ಯೂಟರ್ ಬಿಟ್ಟು ಏಳ್ರಿ,” ಅಂದೆ. ಕೂತು ಪಾಸ್‌ವರ್ಡ್ ಬದಲಿಸಿದೆ. “ಇನ್ನ ಚತುರ್ದಶಿ ಹಿಂದಿನ ದಿನಾನ ನಾನಽ ಎಲ್ಲಾ ಮಾರಿ ಖಾಲಿ ಮಾಡತೀನಿ. ಮೌನದ ದಿನ ಈ ಮನ್ಯಾಗ ಒಂದು ಶೇರೂ ಇರಂಗಿಲ್ಲ.”

ಇವರ ನಗು ನಿಂತಿತು.

“ನನ್ನ ಮ್ಯಾಲ ಅಷ್ಟೂ ವಿಶ್ವಾಸ ಇಲ್ಲೇನ ಮಯೂರಿ?”

ಒಳ್ಳೆಯ ಮನುಷ್ಯ. ಹನ್ನೊಂದು ವರ್ಷದಲ್ಲಿ ಒಂದು ದಿನ ಕೈ ಎತ್ತಿಲ್ಲ, ಒಂದು ಸುಳ್ಳು ಹೇಳಿಲ್ಲ. “ಐತ್ರಿ” ಅಂದುಬಿಟ್ಟಿದ್ದರೆ ಅವತ್ತಿನ ಊಟ ಇಬ್ಬರಿಗೂ ರುಚಿಸುತ್ತಿತ್ತು.

“ಇದರಾಗ ಇಲ್ರಿ,” ಅಂದೆ.

ಅಷ್ಟು ಮಾತಾಡುವ ನನಗೆ ಅದರ ಮುಂದೆ ಒಂದೂ ಮಾತು ಬರಲಿಲ್ಲ.