ಆಡಿ ತಿಂಗಳಲ್ಲಿ ಉಳಿದವರು

ಚೆನ್ನೈಯ ಪೆರುಂಗುಡಿಯ ಆ ಕಟ್ಟಡದ ಮೂರನೇ ಮಹಡಿಯಲ್ಲಿ ಕಿಟಕಿಗಳಿಗೆ ಬರವಿರಲಿಲ್ಲ, ಆದರೆ ಒಂದನ್ನೂ ತೆರೆಯುವಂತಿರಲಿಲ್ಲ. ಗಾಜಿನಾಚೆ ಜೌಗು ನೆಲ, ಅದರ ಮೇಲೆ ಬೆಳ್ಳಕ್ಕಿಗಳು. ಗಾಜಿನೀಚೆ ಕಂಪನಿಯ ಲೆಕ್ಕ ನೋಡುವ ತೇನ್ಮೊಳಿ, ಆರಿದ ಫಿಲ್ಟರ್ ಕಾಫಿ, ಮತ್ತು ಮುಂದಿನ ಮೂವತ್ತಾರು ತಿಂಗಳ ಆದಾಯದ ಹಾಳೆ. ಹಾಳೆಯ ಕೊನೆಯ ಮನೆಯಲ್ಲಿ ಕಂಪನಿ ಕಟ್ಟಿದ ಕದಿರವನ್ ತನ್ನ ಕೈಯಾರೆ ಮೂರನೇ ವರ್ಷದ ಆದಾಯ ಹದಿನೇಳು ಕೋಟಿ ಎಂದು ತುಂಬಿ ಹೋಗಿದ್ದ. ಮಿಕ್ಕ ಮನೆಗಳನ್ನೆಲ್ಲ ಅವಳು ತುಂಬಬೇಕು, ಅದೂ ಒಪ್ಪುವಂಥ ಊಹೆಗಳಿಂದ. ಉತ್ತರ ಮೊದಲು, ಲೆಕ್ಕ ಆಮೇಲೆ ಅನ್ನುವುದು ಈ ರಸ್ತೆಯ ಅರ್ಧ ಕಂಪನಿಗಳ ಪದ್ಧತಿ. ಅದಕ್ಕೆ ಯಾರೂ ಮೂಗು ಮುರಿಯುವುದಿಲ್ಲ.

ಕಂಪನಿ ಮಾರುವುದು ಸಣ್ಣ ಕ್ಲಿನಿಕ್ಕುಗಳಿಗೆ ಬೇಕಾದ ತಂತ್ರಾಂಶ. ರೋಗಿಗಳ ಸರದಿ, ಚೀಟಿ, ಬಿಲ್ಲು ಎಲ್ಲ ಅದರಲ್ಲೇ. ತಿಂಗಳ ಚಂದಾ ಎರಡೂವರೆ ಸಾವಿರ. ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿಗೆ, ಚೆನ್ನೈಯ ಜವಳಿ ಅಂಗಡಿಗಳೆಲ್ಲ ರಿಯಾಯಿತಿ ಕೂಗುವಾಗ ಇವರೂ ಕೂಗಿದ್ದರು: ವರ್ಷದ ಚಂದಾ ಒಟ್ಟಿಗೆ ಕಟ್ಟಿದರೆ ಇಪ್ಪತ್ತೇ ಸಾವಿರ. ಸಾವಿರದ ಇನ್ನೂರು ಕ್ಲಿನಿಕ್ಕುಗಳು ಮುಗಿಬಿದ್ದವು. ಆ ತಿಂಗಳು ಬ್ಯಾಂಕಿಗೆ ಎರಡು ಕೋಟಿಗೂ ಹೆಚ್ಚು ಬಂತು. ಕದಿರವನ್ ಅದನ್ನು ಆದಾಯ ಎಂದೇ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅದು ಹನ್ನೆರಡು ತಿಂಗಳಿಗೆ ಹಂಚಬೇಕಾದ ಹಣವೆಂದು ತೇನ್ಮೊಳಿ ಎರಡು ಸಲ ಹೇಳಿ ಸುಮ್ಮನಾಗಿದ್ದಳು.

ಸುಮ್ಮನಾಗದೆ ಏನು ಮಾಡಿಯಾಳು, ಅವಳದೂ ಒಂದು ಸಂಭ್ರಮವಿತ್ತು. ಆಡಿ ಕಳೆದ ಮೇಲೆ, ತಿಂಗಳಿಗೆ ಚಂದಾ ಬಿಟ್ಟುಹೋಗುವವರ ಪ್ರಮಾಣ ನೂರಕ್ಕೆ ಮೂರೂವರೆಯ ಆಸುಪಾಸಿನಿಂದ 1.6ಕ್ಕೆ ಇಳಿದಿತ್ತು. ಉತ್ಪನ್ನ ಸುಧಾರಿಸಿದೆ ಎಂದು ಎಲ್ಲರೂ ಬೆನ್ನು ತಟ್ಟಿಕೊಂಡರು. ಆ ಅಂಕಿಯನ್ನು ಹಣ ಹೂಡುವ ಚೊಕ್ಕಲಿಂಗಂ ಅವರಿಗೆ ಬರೆದು ಕಳಿಸಿದವಳು ಇವಳೇ. ಅದನ್ನೇ ನಂಬಿ ಇಪ್ಪತ್ತೈದು ಜನರಿಗೆ ಕೆಲಸದ ಪತ್ರ ಹೋಗಿತ್ತು. ಅವರಲ್ಲೊಬ್ಬಳು ವಡಿವಾಂಬಾಳ್, ತಾಂಬರಂನ ಆಸ್ಪತ್ರೆಯೊಂದರ ಬಿಲ್ಲಿನ ಕೌಂಟರಿನಲ್ಲಿ ಹದಿನಾಲ್ಕು ವರ್ಷ ಕೂತವಳು. ಸಂದರ್ಶನ ಮಾಡಿದವಳೂ, ನೀನೇ ಬೇಕು ಎಂದವಳೂ ತೇನ್ಮೊಳಿ.

ಈಗ ಅಕ್ಟೋಬರ್ ಅರ್ಧ. ನಾಳೆ ಚೊಕ್ಕಲಿಂಗಂ ಬರುತ್ತಾರೆ. ಮೂರು ವರ್ಷದ ಹಾಳೆ ಒಪ್ಪಿಗೆಯಾದರೆ ಅವರ ಹಣ ಬರುತ್ತದೆ, ಇಪ್ಪತ್ತೈದು ಜನ ಒಳಗೆ ಬರುತ್ತಾರೆ.

ಅವಳು ಒಂದೊಂದೇ ಊಹೆಯನ್ನು ತಟ್ಟಿ ನೋಡುತ್ತ ಹೋದಳು. ಬಿಟ್ಟುಹೋಗುವವರು ತಿಂಗಳಿಗೆ 1.6 ಅಂದರೆ, ವರ್ಷದ ಕೊನೆಗೆ ನೂರರಲ್ಲಿ ಎಂಬತ್ತೆರಡು ಮಂದಿ ಉಳಿಯಬೇಕು. ಸಣ್ಣ ಕ್ಲಿನಿಕ್ಕಿನ ಡಾಕ್ಟರುಗಳು ಅಷ್ಟು ನಿಷ್ಠೆಯವರೇ ಎಂದು ಅವಳಿಗೇ ಅನುಮಾನ ಬಂತು. ಸೆಪ್ಟೆಂಬರಿನಲ್ಲಿ ಬಿಟ್ಟುಹೋದ ಮೂವತ್ತೆರಡು ಕ್ಲಿನಿಕ್ಕುಗಳ ಪಟ್ಟಿ ತೆಗೆದಳು. ಮೂವತ್ತೆರಡೂ ತಿಂಗಳ ಚಂದಾದವು.

ಬಾಯಿಗೆ ಎತ್ತಿದ ಕಾಫಿ ಲೋಟ ಅಲ್ಲೇ ನಿಂತಿತು.

ಒಟ್ಟು ಎರಡು ಸಾವಿರ ಕ್ಲಿನಿಕ್ಕುಗಳಲ್ಲಿ ತಿಂಗಳ ಚಂದಾದವು ಎಂಟುನೂರು. ಉಳಿದ ಸಾವಿರದ ಇನ್ನೂರು ವರ್ಷದ ಹಣ ಕಟ್ಟಿ ಕೂತಿವೆ, ಬಿಡಬೇಕೆಂದರೂ ಬಿಡುವ ದಿನ ಬಂದಿಲ್ಲ. ಬಿಡಲು ಬಾರದವರನ್ನೂ ಸೇರಿಸಿ ಭಾಗಿಸಿದ್ದಕ್ಕೆ 1.6 ಬಂದಿತ್ತು. ಬಿಡಬಲ್ಲವರನ್ನಷ್ಟೇ ಹಿಡಿದರೆ ಎಂಟುನೂರಕ್ಕೆ ಮೂವತ್ತೆರಡು, ನೂರಕ್ಕೆ ನಾಲ್ಕು. ಉತ್ಪನ್ನವೇನೂ ಸುಧಾರಿಸಿರಲಿಲ್ಲ. ರಿಯಾಯಿತಿಗೆ ಬಂದವರ ಬೆನ್ನ ಹಿಂದೆ, ಬಿಟ್ಟುಹೋದವರು ಕಾಣದಾಗಿದ್ದರು, ಅಷ್ಟೇ.

ಹಿಂದಿನ ವರ್ಷದ ಆಡಿಯಲ್ಲಿ ನೂರೈವತ್ತು ಜನ ವರ್ಷದ ಚಂದಾ ಕಟ್ಟಿದ್ದರು. ಈ ಆಡಿಗೆ ಅವರಲ್ಲಿ ಮತ್ತೆ ಕಟ್ಟಿದವರೆಷ್ಟು ಎಂದು ಯಾರೂ ಬೇರೆ ಎಣಿಸಿರಲಿಲ್ಲ. ಮಾರಾಟದವರು ಹಳಬರನ್ನೂ ಹೊಸಬರನ್ನೂ ಒಂದೇ ಬುಟ್ಟಿಗೆ ಹಾಕಿ ಪೇಡೆ ಹಂಚಿದ್ದರು. ಹೆಸರು ಹೆಸರಾಗಿ ಹುಡುಕಿದಾಗ ಸಿಕ್ಕಿದ್ದು ಎಂಬತ್ತೇಳು. ನೂರಕ್ಕೆ ಐವತ್ತೆಂಟು. ತಿಂಗಳಿಗೆ ನಾಲ್ಕರಂತೆ ಸೋರಿದರೆ ವರ್ಷಕ್ಕೆ ಉಳಿಯುವುದು ಅರವತ್ತೊಂದು. ಎರಡು ಕಡೆಯಿಂದ ಲೆಕ್ಕ ಮಾಡಿದರೂ ಒಂದೇ ಕಡೆ ಬಂದು ನಿಂತಿತು.

ತಪ್ಪು ತನ್ನದು ಎಂದು ತಿಳಿದಾಗ ಅವಳಿಗೆ ಮೊದಲು ಆದದ್ದು ನಾಚಿಕೆ, ಭಯ ಆಮೇಲೆ. ಹದಿನೆಂಟು ವರ್ಷ ಲೆಕ್ಕದಲ್ಲೇ ಕೂದಲು ನೆರೆಸಿದವಳು, ಭಾಗಾಕಾರದಲ್ಲಿ ಎಡವಿದ್ದಳು.

ಅವಳು ಹಾಳೆಯನ್ನು ಮತ್ತೆ ಕಟ್ಟಿದಳು. ತಿಂಗಳ ಚಂದಾಕ್ಕೆ ಒಂದು ಸಾಲು, ವರ್ಷದ ಚಂದಾಕ್ಕೆ ಬೇರೆ ಸಾಲು. ಎರಡನೆಯದರಲ್ಲಿ ಆಡಿ ಬರುವವರೆಗೆ ಯಾರೂ ಕದಲುವುದಿಲ್ಲ, ಆಡಿಯಲ್ಲಿ ನೂರಕ್ಕೆ ನಲವತ್ತೆರಡು ಮಂದಿ ಒಮ್ಮೆಗೇ ಎದ್ದು ಹೋಗುತ್ತಾರೆ. ಮಾರಾಟಗಾರ ತಿಂಗಳಿಗೆ ಹತ್ತು ಕ್ಲಿನಿಕ್ಕು ತರುತ್ತಾನೆ ನಿಜ, ಆದರೆ ಹೊಸಬನಿಗೆ ಕೈ ಕುದುರಲು ನಾಲ್ಕು ತಿಂಗಳು ಬೇಕು, ಮೂವರಲ್ಲೊಬ್ಬ ವರ್ಷದೊಳಗೆ ಕಂಪನಿಯನ್ನೇ ಬಿಡುತ್ತಾನೆ. ಅದನ್ನೂ ಹಾಕಿದಳು. ಮೂರನೇ ವರ್ಷದ ಆದಾಯ ಏಳೂವರೆ ಕೋಟಿಗೆ ಬಂದು ಕೂತಿತು. ಕೆಳಗೆ ಖರ್ಚು ಸೇರಿಸಿದಳು. ಚೊಕ್ಕಲಿಂಗಂ ಹಣ ಬಂದು, ಇಪ್ಪತ್ತೈದು ಜನರೂ ಸೇರಿದರೆ, ಹದಿನೇಳನೇ ತಿಂಗಳಿಗೆ ಬ್ಯಾಂಕು ಬರಿದು.

ಅವಳು ಮೊದಲು ಮಾಡಿದ ಫೋನು ಕದಿರವನ್‌ಗಲ್ಲ, ವಡಿವಾಂಬಾಳ್‌ಗೆ.

"ವಡಿವು, ರಾಜೀನಾಮೆ ಕೊಡೋದನ್ನ ಒಂದು ವಾರ ತಡೀತೀಯಾ?"

"ಅಯ್ಯೋ ಮೇಡಂ, ಶುಕ್ರವಾರಾನೇ ಕೊಟ್ಬಿಟ್ಟೆ. ನನ್ನ ಸೀಟಿಗೆ ಇವತ್ತು ಬೇರೆಯವಳು ಬಂದು ಕೂತಿದಾಳೆ, ಅವಳಿಗೇ ಕಲಿಸ್ತಾ ಇದೀನಿ. ಯಾಕೆ ಮೇಡಂ?"

"ಏನಿಲ್ಲ. ಸೇರೋ ದಿನ ಒಂಚೂರು ಆಚೀಚೆ ಆಗ್ಬಹುದೇನೋ ಅಂತ."

"ಆದ್ರೆ ಆಗ್ಲಿ ಬಿಡಿ. ನೀವಿದೀರಲ್ಲ."

ಫೋನು ಇಟ್ಟ ಮೇಲೆ ತೇನ್ಮೊಳಿಗೆ ತಾನು ಸಿಕ್ಕಿಕೊಂಡ ಬಲೆಯ ಅಳತೆ ತಿಳಿಯಿತು. ನಿಜದ ಹಾಳೆ ಇಟ್ಟರೆ ವಡಿವುಗೆ ಇಲ್ಲೂ ಕೆಲಸವಿಲ್ಲ, ಅಲ್ಲೂ ಇಲ್ಲ. ಸುಳ್ಳು ಹಾಳೆ ಇಟ್ಟರೆ ಹದಿನೇಳು ತಿಂಗಳ ಸಂಬಳವುಂಟು, ಆಮೇಲೆ ಅವಳ ಜೊತೆ ಎಲ್ಲರೂ ಬೀದಿಗೆ.

ಕದಿರವನ್ ಹಾಳೆ ನೋಡಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ. ಮೂವತ್ತೆರಡರ ಪ್ರಾಯ, ಕೆಟ್ಟವನಲ್ಲ. ತನ್ನ ಮಾತನ್ನು ಎಲ್ಲರಿಗಿಂತ ಮೊದಲು ತಾನೇ ನಂಬುವ ಜಾತಿ.

"ಅಕ್ಕಾ, ನಾಳೆ ಮದುವೆ ಇಟ್ಕೊಂಡು ಇವತ್ತು ಜಾತಕ ಸರಿಯಿಲ್ಲ ಅಂತೀರಲ್ಲ."

"ಜಾತಕ ಬರೆದೋಳು ನಾನೇ, ಕದಿರ್. ತಪ್ಪು ಬರೆದಿದ್ದೆ."

"ಸರಿ, ಬಿಡೋರು ನಾಲ್ಕು ಬೇಡ, ಎರಡು ಇಡಿ. ಉತ್ಪನ್ನ ಸುಧಾರಿಸತ್ತಲ್ಲ."

ಅವಳು ಎರಡು ಇಟ್ಟಳು. ಹದಿನೇಳು ಕೋಟಿ ಬರಲಿಲ್ಲ. ಚಂದಾದ ಬೆಲೆ ಏರಿಸಿ ಎಂದ. ಏರಿಸಿದರೆ ಬಿಡುವವರೂ ಏರುತ್ತಾರೆ ಎಂದಳು. ಮಾರಾಟಗಾರರನ್ನು ಹೆಚ್ಚಿಸಿ ಎಂದ. ಹೆಚ್ಚಿಸಿದಳು, ಹಣ ಹದಿಮೂರನೇ ತಿಂಗಳಿಗೇ ಮುಗಿಯಿತು. ಒಂದು ಮೂಲೆಯಲ್ಲಿ ಎಳೆದರೆ ಇನ್ನೊಂದು ಮೂಲೆ ಮೋಟಾಗುವ ಹೊದಿಕೆಯಂತಿತ್ತು ಆ ಹಾಳೆ. ಕೊನೆಗೆ ಅವನು ಕೇಳಿದ, "ಹಾಗಾದ್ರೆ ಹದಿನೇಳು ಬರೋಕೆ ಏನಾಗ್ಬೇಕು?"

"ಇನ್ಮೇಲೆ ಯಾರೂ ಬಿಡಬಾರದು. ಹೊಸಬ ಮಾರಾಟಗಾರ ಮೊದಲ ದಿನದಿಂದ್ಲೇ ಹತ್ತು ಕ್ಲಿನಿಕ್ ತರಬೇಕು. ಡಾಕ್ಟರುಗಳೂ ಸಾಯಬಾರದು, ಕ್ಲಿನಿಕ್ಕೂ ಮುಚ್ಚಬಾರದು."

ಅವನು ನಗಲಿಲ್ಲ. "ಇಪ್ಪತ್ತೈದು ಜನ ನಮ್ಮನ್ನ ನಂಬಿ ಕೆಲಸ ಬಿಟ್ಟಿದಾರೆ ಅಕ್ಕಾ. ಅದನ್ನ ಯಾವ ಸಾಲಲ್ಲಿ ಹಾಕ್ತೀರಿ?"

ಅವನು ಅದನ್ನು ಅಸ್ತ್ರವಾಗಿ ಬಿಟ್ಟನೋ, ನಿಜವಾದ ಸಂಕಟದಿಂದ ಹೇಳಿದನೋ ಅವಳಿಗೆ ತಿಳಿಯಲಿಲ್ಲ. ತಗುಲಿದ್ದಂತೂ ತಗುಲಿತು.

ಮರುದಿನ ಹನ್ನೊಂದಕ್ಕೆ ಚೊಕ್ಕಲಿಂಗಂ ಬಂದರು. ಅರವತ್ತು ದಾಟಿದ ಮನುಷ್ಯ, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮನೆಯಿಂದ ತಂದ ಮಜ್ಜಿಗೆ ಬಾಟಲಿ. ಕದಿರವನ್ ಬಾಯಿ ತೆರೆಯುವ ಮೊದಲೇ ತೇನ್ಮೊಳಿ ತನ್ನ ಹಾಳೆಯನ್ನು ಅವರ ಮುಂದಿಟ್ಟಳು. ಸೆಪ್ಟೆಂಬರಿನ ಅಂಕಿ ತಪ್ಪು, ತಪ್ಪು ನನ್ನದು ಎಂದಳು. ಎಂಟುನೂರಕ್ಕೆ ಮೂವತ್ತೆರಡು, ನೂರೈವತ್ತಕ್ಕೆ ಎಂಬತ್ತೇಳು, ಹದಿನೇಳನೇ ತಿಂಗಳು, ಯಾವುದನ್ನೂ ಬಿಡದೆ ಹೇಳಿದಳು. ಇಪ್ಪತ್ತೈದರ ಬದಲು ಆರು ಜನರನ್ನು ತೆಗೆದುಕೊಳ್ಳೋಣ, ಅವರು ಹೊಸಬರನ್ನು ಹುಡುಕುವುದು ಬೇಡ, ಇರುವವರನ್ನು ಉಳಿಸಿಕೊಳ್ಳಲಿ ಎಂದೂ ಸೇರಿಸಿದಳು. ಆ ಆರರಲ್ಲಿ ವಡಿವು ಹೆಸರನ್ನು ಮೊದಲು ಬರೆದಿದ್ದಳು.

ಮುದುಕರು ನಿಧಾನವಾಗಿ ಓದಿದರು, ಒಂದು ಗುಟುಕು ಮಜ್ಜಿಗೆ ಕುಡಿದರು.

"ಚೆನ್ನಾಗಿದೆಯಮ್ಮಾ. ಸರಿಯಾಗಿದೆ. ನಮ್ಮ ಆಫೀಸಲ್ಲೂ ಏಳೆಂಟು ಕೋಟಿಗೇ ಬಂದಿತ್ತು."

ತೇನ್ಮೊಳಿಗೆ ಉಸಿರು ಬಂದಂತಾಯಿತು.

"ಆದ್ರೆ ನನಗೆ ಹಣ ಕೊಟ್ಟೋರು ಮುಂಬೈಯಲ್ಲಿದಾರೆ ನೋಡಮ್ಮಾ, ಅವರಿಗೆ ನಾನು ಹದಿನೇಳು ಅಂತ ಹೇಳಾಗಿದೆ. ನಿಮ್ಮ ಸೆಪ್ಟೆಂಬರ್ ಪತ್ರ ಇಟ್ಕೊಂಡೇ ಹೇಳಿದ್ದು. ಈಗ ಏಳೂವರೆ ಅಂದ್ರೆ ಈ ಹಣಾನೇ ಬರಲ್ಲ, ನಿಮ್ಮ ಆರು ಜನಾನೂ ಇಲ್ಲ, ಇರೋರಿಗೂ ಸಂಬಳ ಇಲ್ಲ." ಅವರು ಜೇಬಿನಿಂದ ಪೆನ್ನು ತೆಗೆದರು. "ಹೀಗ್ಮಾಡೋಣ. ಹದಿನೇಳು ಕೋಟಿದೇ ಯೋಜನೆ ಅಂತ ಇರಲಿ. ನಿಮ್ಮದನ್ನೂ ಇಡೋಣ, ತೆಗೆಯೋದು ಬೇಡ. ಕೊನೇ ಪುಟದಲ್ಲಿ."

ಅವಳ ಹಾಳೆಯ ತಲೆಯ ಮೇಲೆ 'ವಾಸ್ತವ' ಎಂದಿತ್ತು. ಅವರು ಅದನ್ನು ನಯವಾಗಿ ಹೊಡೆದುಹಾಕಿ, ದುಂಡನೆಯ ಅಕ್ಷರದಲ್ಲಿ 'ಅತಿ ಕೆಟ್ಟ ಪರಿಸ್ಥಿತಿ' ಎಂದು ಬರೆದರು. ಕೆಳಗೆ ಸಹಿಗೆ ಜಾಗ ತೋರಿಸಿದರು.

"ನೀವು ನಿಜಾನೇ ಹೇಳಿದೀರಿ. ಕಡತದಲ್ಲೂ ಇದೆ. ಇನ್ನೇನು ಬೇಕಮ್ಮಾ?"

ಕದಿರವನ್‌ನನ್ನು ಅವಳ ತಪ್ಪು ಹಿಡಿದಿತ್ತು, ಚೊಕ್ಕಲಿಂಗಂ ಅವರನ್ನು ಮುಂಬೈ ಹಿಡಿದಿತ್ತು, ಮುಂಬೈಯವರನ್ನು ಇನ್ಯಾರೋ. ಸಹಿ ಮಾಡುವಾಗ, ವಡಿವುಗೆ ಸದ್ಯಕ್ಕಂತೂ ಕೆಲಸ ಉಳಿಯಿತಲ್ಲ ಎಂಬ ಸಮಾಧಾನ ಒಳಗೆ ಮೂಡಿತು. ಆ ಸಮಾಧಾನಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ನವೆಂಬರ್ ಒಂದಕ್ಕೆ ಇಪ್ಪತ್ತೈದು ಜನ ಬಂದರು. ಎಲ್ಲರನ್ನೂ ಹೊಸ ಕ್ಲಿನಿಕ್ಕು ಹಿಡಿಯಲು ಅಟ್ಟಿದರು. ವಡಿವು ಒಬ್ಬಳನ್ನು ಮಾತ್ರ ತೇನ್ಮೊಳಿ ಹಟ ಹಿಡಿದು ಉಳಿಸಿಕೊಂಡು, ಆಡಿಯಲ್ಲಿ ಸೇರಿದ ಕ್ಲಿನಿಕ್ಕುಗಳ ಪಟ್ಟಿ ಕೊಟ್ಟು, ಒಂದೊಂದಾಗಿ ಫೋನು ಮಾಡಿ ಹೇಗಿದ್ದಾರೆ ಕೇಳು ಎಂದಳು. ವಡಿವು ದಿನಕ್ಕೆ ಇಪ್ಪತ್ತರಂತೆ ಕೇಳಿದಳು. ಆಸ್ಪತ್ರೆಯ ಅಭ್ಯಾಸ, ಪೆನ್ಸಿಲಿನಲ್ಲಿ ಉದ್ದ ನೋಟುಪುಸ್ತಕಕ್ಕೆ ಗೀಟು ಹಾಕುತ್ತ ಹೋದಳು.

ತಿಂಗಳ ಕೊನೆಯ ದಿನ ಅವಳು ಆ ಪುಸ್ತಕ ಹಿಡಿದು ತೇನ್ಮೊಳಿಯ ಮೇಜಿಗೆ ಬಂದಳು.

"ಮೇಡಂ, ನಾನೂರ ಎಂಬತ್ತು ಜನರ ಹತ್ರ ಮಾತಾಡ್ದೆ. ಇನ್ನೂರಕ್ಕೆ ಹತ್ತಿರ ಜನ ಇದನ್ನ ತೆರೆದೇ ನೋಡಿಲ್ಲ. ಕಡಿಮೆಗೆ ಸಿಗ್ತು ಅಂತ ತಗೊಂಡ್ರಂತೆ, ಸೀರೆ ತಗೊಂಡ ಹಾಗೆ. ಮುಂದಿನ ಆಡಿಗೆ ಇವರು ಕಟ್ಟಲ್ಲ."

"ಹೂಂ."

"ಹತ್ತರಲ್ಲಿ ನಾಲ್ಕು ಅಂದ್ಕೊಳ್ಳಿ. ಅಷ್ಟು ಜನ ಹೋದ್ರೆ ನಮ್ಮಿಷ್ಟು ಜನಕ್ಕೆ ಸಂಬಳ ಹೇಗೆ ಕೊಡ್ತಾರೆ ಮೇಡಂ?"

ತೇನ್ಮೊಳಿ ಪರದೆಯ ಕಡೆ ನೋಡಿದಳು. ನೋಡಲು ಅಲ್ಲೇನೂ ಇರಲಿಲ್ಲ.

ವಡಿವು ಹದಿನಾಲ್ಕು ವರ್ಷ ಬಿಲ್ಲಿನ ಕಿಂಡಿಯಾಚೆಯ ಮುಖಗಳನ್ನು ಓದಿದವಳು. ಇವಳ ಮುಖವನ್ನೂ ಓದಿದಳು.

"ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಅವತ್ತು ಫೋನ್ ಮಾಡಿದ್ದು ಇದಕ್ಕೇನಾ?"

"ಹೌದು."

"ಎಷ್ಟು ತಿಂಗಳು ಬರತ್ತೆ?"

"ಹದಿನೇಳು."

ವಡಿವು ಪುಸ್ತಕ ಮುಚ್ಚಿ, ಪೆನ್ಸಿಲನ್ನು ಅದರ ಬೆನ್ನಿಗೆ ಸಿಕ್ಕಿಸಿದಳು. ಬೈಯುತ್ತಾಳೆ ಎಂದು ತೇನ್ಮೊಳಿ ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಹದಿನೇಳರಲ್ಲಿ ಒಂದು ಇವತ್ತಿಗೆ ಮುಗೀತಲ್ಲ ಮೇಡಂ," ಎಂದಳು ವಡಿವು, ಮತ್ತು ಉಳಿದ ಕ್ಲಿನಿಕ್ಕುಗಳಿಗೆ ಫೋನು ಮಾಡಲು ತನ್ನ ಜಾಗಕ್ಕೆ ಹೋದಳು.