ನಾಲ್ಕು ಬೆರಳಿನ ಎತ್ತರ

ಲಿಡ್ವಿನ್ ಗಂಡನಿಗಿಂತ ನಾಲ್ಕು ಬೆರಳು ಎತ್ತರ. ಸಾವಿರದ ಒಂಬೈನೂರ ಐವತ್ತೈದರಲ್ಲಿ, ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ಅವಳ ತಲೆಗೆ ತೆಂಗಿನ ಹಾಲು ಸುರಿಯುತ್ತ ದೊಡ್ಡಮ್ಮ, "ನಾಳೆ ಇಗರ್ಜಿಯಲ್ಲಿ ಭುಜ ಸ್ವಲ್ಪ ಇಳಿಸಿ ನಿಲ್ಲು ಮಗಾ. ಗಂಡಿನ ಮರ್ಯಾದೆಯ ಪ್ರಶ್ನೆ" ಎಂದು ಪಿಸುಗುಟ್ಟಿದ್ದರು. ಒಂದು ದಿನಕ್ಕೆಂದು ಹೇಳಿದ ಮಾತನ್ನು ಲಿಡ್ವಿನ್ ಹನ್ನೆರಡು ವರ್ಷ ಪಾಲಿಸಿದಳು.

ಗಂಡ ಕಜೆಟನ್ ಕಾಪುವಿನ ಪೇಟೆಯಲ್ಲಿ ದರ್ಜಿ. ಅವಳು ಅದೇ ಊರಿನ ಶಾಲೆಯಲ್ಲಿ ಟೀಚರು. ದಿನವೂ ಕರಿಹಲಗೆಯ ನೆತ್ತಿಯಲ್ಲಿ ಒಂದು ಸುವಾಕ್ಯ ಬರೆಯುವುದು ಅವಳ ಕೆಲಸ. ಹನ್ನೆರಡನೆಯ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ವಾಕ್ಯ ಅರ್ಧಕ್ಕೆ ಬರುವುದರೊಳಗೆ ಬಲಗೈಯ ಕಿರುಬೆರಳು, ಉಂಗುರಬೆರಳು ಜುಮುಗುಟ್ಟತೊಡಗಿದವು. ಕೈ ಇಳಿಸಿದರೆ ಸರಿ, ಎತ್ತಿದರೆ ಮತ್ತೆ ಇರುವೆ ಹರಿದಂತೆ.

"ಸತ್ಯವೇ ಅಂತ ಬರೆದು ನಿಲ್ಲಿಸಿದ್ದೀರಲ್ಲ ಟೀಚರೇ," ಎಂದರು ಪಕ್ಕದ ಕ್ಲಾಸಿನ ವಿನೋದಾ. "ಸತ್ಯವೇ ಎಂತ? ಮಕ್ಕಳು ಮೂರು ದಿನದಿಂದ ಕಾಯ್ತಾ ಇದ್ದಾರೆ."

ಲಿಡ್ವಿನ್ ನಕ್ಕಳು. ಒಳಗೆ ನಗು ಇರಲಿಲ್ಲ. ಅವಳ ಅಪ್ಪನಿಗೆ ಲಕ್ವ ಹೊಡೆದದ್ದೂ ಬಲಗೈಗೇ. ಬರೆಯಲಾಗದ ಟೀಚರನ್ನು ಶಾಲೆ ಎಷ್ಟು ದಿನ ಇಟ್ಟುಕೊಂಡೀತು? ಅವಳು ಯಾರಿಗೂ ಹೇಳಲಿಲ್ಲ. ಆದರೆ ಒಂದು ಶನಿವಾರ ಉಡುಪಿಯಲ್ಲಿ, ಕಾಪಿ ಪುಸ್ತಕ, ತೆಂಗಿನಕಾಯಿ ತುಂಬಿದ್ದ ಚೀಲ ಬೆರಳಿನಿಂದ ಜಾರಿ ಬಸ್ಸಿನ ಮೆಟ್ಟಿಲಿಗೆ ಬಿತ್ತು. ಜೊತೆಗಿದ್ದ ವಿನೋದಾ ತೆಂಗಿನಕಾಯಿ ಹೆಕ್ಕಿ, ಅವಳನ್ನು ಕಾಪುವಿನ ಬಸ್ಸಿನಿಂದ ಇಳಿಸಿ ಮಣಿಪಾಲದ ಬಸ್ಸಿಗೆ ಹತ್ತಿಸಿದರು.

ಆಸ್ಪತ್ರೆಯ ಡಾಕ್ಟರ್ ಪ್ರಭಾವತಿ ನಾಡಿ ಹಿಡಿದೇ ಕೈ ಎತ್ತಿಸಿದರು, ಕತ್ತು ತಿರುಗಿಸಲು ಹೇಳಿದರು. ಬಳಿಕ ಎರಡೂ ಕೈ ಮೇಲೆತ್ತಿ ಮುಷ್ಟಿ ಕಟ್ಟಿ ಬಿಡಲು ಹೇಳಿ ಗಡಿಯಾರ ನೋಡಿದರು. ಮೂರು ನಿಮಿಷ ಮಾಡಬೇಕಿತ್ತು. ಒಂದು ನಿಮಿಷಕ್ಕೆ ಬಲಗೈ ತಾನಾಗಿ ಇಳಿಯಿತು. ಕುತ್ತಿಗೆಯಲ್ಲಿ ಹೆಚ್ಚಿನ ಪಕ್ಕೆಲುಬು ಉಂಟೋ ಎಂದು ಎಕ್ಸ್‌ರೇ ತೆಗೆಸಿದರು. ಇರಲಿಲ್ಲ.

"ಲಕ್ವ ಅಲ್ಲ," ಎಂದರು ಡಾಕ್ಟರ್. "ಕೈಗೆ ಹೋಗುವ ನರ, ರಕ್ತನಾಳ ಎಲ್ಲ ಕೊರಳೆಲುಬಿಗೂ ಮೊದಲ ಪಕ್ಕೆಲುಬಿಗೂ ನಡುವಿನ ಸಣ್ಣ ಓಣಿಯಲ್ಲೇ ದಾಟಬೇಕು. ಭುಜ ಮುಂದಕ್ಕೆ ಕುಸಿದರೆ ಓಣಿ ಇಕ್ಕಟ್ಟು. ಚೀಲ ಜಗ್ಗಿದರೆ ಇನ್ನೂ ಇಕ್ಕಟ್ಟು. ನಿಮಗೆ ಅದೇ ಇರಬೇಕು ಅಂತ ಕಾಣ್ತದೆ. ಇಷ್ಟು ಯಾಕೆ ಬಗ್ಗುತ್ತೀರಿ?"

ಲಿಡ್ವಿನ್ ಸೆರಗು ಸರಿಮಾಡಿಕೊಂಡಳು. ವಿನೋದಾ ಹೇಳಿದರು: "ಮರ್ಯಾದೆಗೆ ಡಾಕ್ಟ್ರೇ."

ಭಾರದ ಚೀಲ ಬೇಡ, ಸದ್ಯಕ್ಕೆ ಕಣ್ಣಿನ ಮಟ್ಟಕ್ಕಿಂತ ಮೇಲೆ ಬರೆಯುವುದು ಬೇಡ, ದಿನಾ ಗೋಡೆಗೆ ಬೆನ್ನು ಕೊಟ್ಟು ನಿಂತು ಹೆಗಲ ಮೂಳೆಗಳನ್ನು ಹಿಂದಕ್ಕೆ ಕೂಡಿಸಬೇಕು. ತಿಂಗಳುಗಟ್ಟಲೆ ಬೇಕಾದೀತು. ಬೆರಳು ಸೊರಗಿದರೆ, ಕೈ ಬಾತರೆ ಕೂಡಲೇ ಬರಬೇಕು.

ಲಿಡ್ವಿನ್ ಗೋಡೆಗೆ ನಿಂತಳು, ಕಜೆಟನ್ ಅಂಗಡಿಗೆ ಹೋದ ಮೇಲೆ. ಸಂಜೆ ಅವನ ಚಪ್ಪಲಿಯ ಟಕಟಕ ಕೇಳಿದೊಡನೆ ಭುಜ ತಾನಾಗಿ ಇಳಿಯುತ್ತಿತ್ತು. ಎರಡು ತಿಂಗಳ ಬಳಿಕ ಡಾಕ್ಟರ್ ಕೇಳಿದರು: "ಗೋಡೆಯ ಹತ್ತಿರ ಹತ್ತು ನಿಮಿಷ ಸರಿ. ಉಳಿದ ಹೊತ್ತು?"

ಉಳಿದ ಹೊತ್ತಿನ ಪರೀಕ್ಷೆ ಕಾರ್ಕಳದಲ್ಲಿ ಬಂತು. ಕಜೆಟನನ ತಮ್ಮ ಮೌರಿಸನ ಮದುವೆ. ಫೋಟೋಕ್ಕೆ ಎಲ್ಲರೂ ಸಾಲಾಗಿ ನಿಂತರು. ಲಿಡ್ವಿನ್ ರೂಢಿಯಂತೆ ಬಗ್ಗಿದಳು, ಕಿರುಬೆರಳು ಜುಮುಗುಟ್ಟಿತು. ನಾಳಿದ್ದು ಸೋಮವಾರ, ಕರಿಹಲಗೆ. ಅವಳು ಉಸಿರೆಳೆದು ನೆಟ್ಟಗಾದಳು.

"ಬಾಯಮ್ಮ, ಸ್ವಲ್ಪ ತಗ್ಗಿ," ಎಂದ ಫೋಟೋದವನು. "ಯಜಮಾನರಿಗೆ ಸರಿಯಾಗಿ."

ಲಿಡ್ವಿನ್ ಅಲುಗಲಿಲ್ಲ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳಿಗೆ ಗಂಡನ ಮುಖ ನೋಡುವ ಧೈರ್ಯ ಬರಲಿಲ್ಲ.

"ಅವಳು ತಗ್ಗುವುದಿಲ್ಲ," ಎಂದ ಕಜೆಟನ್. "ನೀನು ಕ್ಯಾಮರಾ ಎತ್ತು ಮಾರಾಯ."

ಆಮೇಲೆ ಚಪ್ಪರದ ಬೆಂಚಿನಲ್ಲಿ ಅವಳು ಮೆಲ್ಲಗೆ ಕೇಳಿದಳು, "ನಿಮಗೆ ಬೇಸರ ಆಯ್ತಾ?"

"ಅಲ್ಲ ಲಿಡ್ವಿನ್, ನಿನ್ನ ರವಕೆ ಹೊಲಿಯುವವನು ನಾನು. ವರ್ಷ ವರ್ಷ ನೀನು ಬಗ್ಗಿದ ಹಾಗೆ ಬೆನ್ನಿನ ಬಟ್ಟೆ ಹೆಚ್ಚು ಬೇಕಾಗ್ತಿತ್ತು. ನನಗೆ ಗೊತ್ತಾಗುವುದಿಲ್ಲ ಅಂತ ಮಾಡಿದ್ದೀಯಾ?"

"ಮತ್ತೆ ಹೇಳಬಾರದಿತ್ತಾ?"

"ನಾನು ಹೇಗೆ ಹೇಳಲಿ?" ಅವನು ಬಗ್ಗಿ ಚಪ್ಪಲಿ ಕಳಚಿದ. ಹಿಮ್ಮಡಿಯಡಿ ಮೂರು ಪದರ ಚರ್ಮ, ಒಂದರ ಮೇಲೊಂದು ಮೊಳೆ ಹೊಡೆದಿತ್ತು. "ಹನ್ನೆರಡು ವರ್ಷದಿಂದ ಮೀನಖಂಡ ನೋವು. ನೀನು ಇಳಿದದ್ದು ಸಾಲದು ಅಂತ ನಾನು ಹತ್ತಿದ್ದು."

ಲಿಡ್ವಿನ್ ಚಪ್ಪಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದನ್ನು ಡಾಕ್ಟರಿಗೆ ತೋರಿಸಬೇಕು," ಎಂದಳು.

ಅಂದು ಅವರು ಬಸ್‌ಸ್ಟ್ಯಾಂಡಿಗೆ ನಡೆದರು. ಚೀಲ ಕಜೆಟನನ ಕೈಯಲ್ಲಿತ್ತು, ಚಪ್ಪಲಿ ಚೀಲದಲ್ಲಿತ್ತು. ಬರಿಗಾಲಲ್ಲಿ ಅವನು ಅವಳ ಹಣೆಯ ಮಟ್ಟಕ್ಕೆ ಬರುತ್ತಿದ್ದ.